ರುಕ್ಮವ್ವ ಅಂದರೆ ಯಾವ ಪಾರ್ಟು

ಪೀಣ್ಯದ ಆ ಕಾರ್ಖಾನೆಯಲ್ಲಿ ಯಾವ ಪಾರ್ಟನ್ನೂ ಅದರ ನಂಬರಿನಿಂದ ಕರೆಯುವ ರೂಢಿ ಇರಲಿಲ್ಲ. ಡ್ರಾಯಿಂಗಿನಲ್ಲಿ ಮಾರುದ್ದದ ಅಂಕಿ, ಅಕ್ಷರ ಇದ್ದರೇನು, ಕೆಲಸ ಮಾಡುವವರ ಬಾಯಲ್ಲಿ ಅದು ‘ಗಿಡ್ಡ’, ‘ಕಿವಿ’, ‘ಮೂಗುತಿ’. ಡ್ರಿಲ್ಲಿಂಗ್ ಮಷೀನಿನ ರುಕ್ಮವ್ವ ಮೊದಲ ಲಾಟನ್ನು ಒಬ್ಬಳೇ ಮುಗಿಸಿಕೊಟ್ಟ ಬ್ರಾಕೆಟ್ಟಿಗಂತೂ ‘ರುಕ್ಮವ್ವ’ ಎಂದೇ ಹೆಸರು ನಿಂತುಬಿಟ್ಟಿತ್ತು. ಸೂಪರ್‌ವೈಸರುಗಳು ಷಿಫ್ಟ್ ಮುಗಿದ ಮೇಲೆ ಎಕ್ಸೆಲ್‌ನಲ್ಲಿ ತುಂಬುತ್ತಿದ್ದದ್ದೂ ಅದೇ ಹೆಸರುಗಳನ್ನು, ಅದೂ ಇಂಗ್ಲಿಷ್ ಅಕ್ಷರದಲ್ಲಿ, ತಮಗೆ ತೋಚಿದ ಹಾಗೆ. ಅವನ್ನೆಲ್ಲ ಅಸಲಿ ನಂಬರಿಗೆ ತಿರುಗಿಸಿ, ಕೂಡಿಸಿ, ಗಿರಾಕಿ ಕಂಪನಿಗೊಂದರಂತೆ ವರದಿ ಮಾಡುವ ಕೆಲಸ ಗುಮಾಸ್ತ ಸಿದ್ದಲಿಂಗಯ್ಯನವರದು. ಆ ಅಡ್ಡಹೆಸರುಗಳಲ್ಲಿ ಅರ್ಧಕ್ಕರ್ಧ ಇಟ್ಟವರೂ ಅವರೇ.

ಸಿದ್ದಲಿಂಗಯ್ಯ ಶಾಂಭವಿಯನ್ನು ಹುಡುಕಿಕೊಂಡು ಬಂದದ್ದು ಕಳ್ಳರ ಹಾಗೆ. ಶಾಂಭವಿ ಯಾದಗಿರಿ ಕಡೆಯವಳು. ಪಕ್ಕದ ರಸ್ತೆಯ ಶೆಡ್ಡೊಂದರಲ್ಲಿ ಡೇಟಾ ಎಂಟ್ರಿ ಮಾಡುತ್ತಲೇ ಪೈಥಾನ್ ಪ್ರೋಗ್ರಾಮಿಂಗ್ ಕಲಿತು, ಕೆಲಸ ಬಿಟ್ಟು, ಚಿಕ್ಕಬಾಣಾವರದ ಬಾಡಿಗೆ ಕೋಣೆಯಲ್ಲಿ ಕೂತು ಸಣ್ಣ ಸಣ್ಣ ಆಫೀಸುಗಳಿಗೆ ಸ್ಕ್ರಿಪ್ಟ್ ಬರೆದುಕೊಡುತ್ತಿದ್ದಳು. ಒಬ್ಬರಿಗೆ ಬಿಲ್ಲುಗಳ ಪಿಡಿಎಫ್ ವಿಂಗಡಿಸುವುದು, ಇನ್ನೊಬ್ಬರಿಗೆ ಹಾಜರಾತಿ ಕೂಡಿಸುವುದು. ಹೀಗೇ ಒಂದೊಂದು ಕೆಲಸಕ್ಕೆ ಒಂದೊಂದು ಗುತ್ತಿಗೆ.

“ನನ್ನ ವರದಿ ತಾನೇ ಆಗೋ ಹಾಗೆ ಒಂದು ಸ್ಕ್ರಿಪ್ಟ್ ಬರ್ಕೊಡು. ದುಡ್ಡು ಕಂಪನಿ ಕೊಡೋದಲ್ಲ ಕಣಮ್ಮಾ, ನನ್ನ ಕೈಯಿಂದ ಕೊಡ್ತೀನಿ,” ಎಂದರು ಸಿದ್ದಲಿಂಗಯ್ಯ, ಚಹಾದಂಗಡಿಯ ಮುಂದೆ ದನಿ ತಗ್ಗಿಸಿ. “ಷುಗರ್ ಕಣ್ಣಿಗೆ ಬಂದ್ಬಿಟ್ಟಿದೆ. ಸ್ಕ್ರೀನ್ ಮೇಲೆ ಸಾಲೆಲ್ಲ ಕಲಸಿಹೋಗ್ತವೆ. ಇಎಸ್‌ಐ ಆಸ್ಪತ್ರೇಲಿ ಇಂಜೆಕ್ಷನ್ ನಡೀತಿದೆ. ಕೆಲಸ ಹೋದ್ರೆ ಆ ಕಾರ್ಡೂ ನಿಲ್ಲುತ್ತೆ, ಕಣ್ಣೂ ಹೋಗುತ್ತೆ. ರಿಟೈರ್ ಆಗೋವರೆಗೆ ತಳ್ಳಬೇಕು. ಯಾರಿಗೂ ಗೊತ್ತಾಗಬಾರದು.”

“ನನ್ನ ಬಾಯಿಂದ ಹೊರಗ ಬರಂಗಿಲ್ರೀ ಸರ,” ಎಂದಳು ಶಾಂಭವಿ. ಮನಸಾರೆಯೇ ಹೇಳಿದಳು, ಪಾಪ.

ಸ್ಕ್ರಿಪ್ಟ್ ಬರೆಯುವುದು ಕಷ್ಟವಿರಲಿಲ್ಲ. ಫೋಲ್ಡರಿನಲ್ಲಿರುವ ಷಿಫ್ಟ್ ಫೈಲುಗಳನ್ನೆಲ್ಲ ಓದಬೇಕು, ಹೆಸರಿನ ಹಿಂದೆ ಮುಂದೆ ಸೇರಿಕೊಂಡ ಖಾಲಿ ಜಾಗ ಕತ್ತರಿಸಬೇಕು, ಹೆಸರಿಗೆ ತಕ್ಕ ನಂಬರು ಹಾಕಬೇಕು, ನಂಬರಿನ ಪ್ರಕಾರ ಕೂಡಿಸಿ ಬೇರೆ ಬೇರೆ ಷೀಟಿಗೆ ಬರೆಯಬೇಕು. ಕಷ್ಟವೆಲ್ಲ ಇದ್ದದ್ದು ಹೆಸರುಗಳಲ್ಲಿ. ರುಕ್ಮವ್ವನನ್ನು ಒಬ್ಬ rukmavva ಎನ್ನುತ್ತಾನೆ, ಒಬ್ಬ rukmava, ಇನ್ನೊಬ್ಬ rukmawwa. ಕಂಪ್ಯೂಟರಿಗೆ ಮೂವರೂ ಬೇರೆ ಬೇರೆ ಹೆಂಗಸರು. ಸಿದ್ದಲಿಂಗಯ್ಯ ಪಕ್ಕದಲ್ಲಿ ಕೂತು ಒಂದೊಂದನ್ನೇ ಹೇಳಿದರು, ಅವಳು ಎಲ್ಲವನ್ನೂ ಸ್ಕ್ರಿಪ್ಟಿನೊಳಗೇ ಪಟ್ಟಿ ಕಟ್ಟಿದಳು. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ಊಹಿಸಿ ಕೂಡಿಸುವಂತಿಲ್ಲ, ‘ಕೇಳಿ’ ಎಂಬ ಷೀಟಿನಲ್ಲಿ ಬೇರೆಯಾಗಿ ಬೀಳಬೇಕು. ಹಾಗೆ ಬಿದ್ದಾಗ ಅವರು ಫೋನು ಮಾಡುತ್ತಿದ್ದರು. “ಅಮ್ಮಾ, ಹೊಸದೊಂದು ಹುಟ್ಟಿದೆ, ‘ಕೊಡೆ’ ಅಂತ. ಬರ್ಕೋ.” ಅವಳು ಸೇರಿಸಿ ಕಳಿಸುವಳು. ಬೆಳಗಿನಿಂದ ಊಟದವರೆಗೆ ಹಿಡಿಯುತ್ತಿದ್ದ ವರದಿ ಒಂದು ಲೋಟ ಕಾಫಿ ಆರುವುದರೊಳಗೆ ಮುಗಿಯತೊಡಗಿತು. ಸಿದ್ದಲಿಂಗಯ್ಯ ಮಾತ್ರ ಊಟದವರೆಗೂ ಸ್ಕ್ರೀನಿಗೆ ಮುಖ ಕೊಟ್ಟು ಕೂರುತ್ತಿದ್ದರು. ಸುಮ್ಮನೆ ಕೂರುವುದು ದುಡಿಯುವುದಕ್ಕಿಂತ ಕಷ್ಟ ಎಂದು ನಗುತ್ತಿದ್ದರು.

ಹೊಸ ಗಿರಾಕಿ ಬೇಕೆಂದರೆ ಮಾಡಿದ ಕೆಲಸ ತೋರಿಸಬೇಕು. ಶಾಂಭವಿ ಅದೇ ಸ್ಕ್ರಿಪ್ಟ್ ಓಡುವ ಚಿಕ್ಕ ವಿಡಿಯೋ ಮಾಡಿದಳು. ಕಂಪನಿಯ ಹೆಸರು ಮುಚ್ಚಿದಳು, ಗಿರಾಕಿಗಳ ಹೆಸರು ಮುಚ್ಚಿದಳು, ಅಂಕಿಗಳನ್ನು ಬದಲಿಸಿದಳು, ಪಾರ್ಟ್ ನಂಬರುಗಳನ್ನೂ ಸುಳ್ಳು ಮಾಡಿದಳು. ‘ಗುಮಾಸ್ತರ ಅರ್ಧ ದಿನದ ಕೆಲಸ ಎರಡೇ ನಿಮಿಷಕ್ಕೆ’ ಎಂದು ಮೇಲೆ ಬರೆದು ಸಣ್ಣ ಕಾರ್ಖಾನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದಳು. ಆದರೂ ಒಂದು ಉಳಿಯಿತು. ಅಡ್ಡಹೆಸರುಗಳನ್ನು ಅವಳು ಗುಟ್ಟೆಂದು ಎಣಿಸಲೇ ಇಲ್ಲ.

ಮರುದಿನ ಫೋನು ಬಂತು. “ಮೇಡಂ, ನಾನು ಚಿರಂಜೀವಿ. ನಿಮ್ಮ ವಿಡಿಯೋ ಸಕ್ಕತ್ತಾಗಿದೆ. ಒಂದು ವಿಷಯ ಹೇಳಿ. ಈ ಪೀಣ್ಯದಲ್ಲಿ ರುಕ್ಮವ್ವ ಅನ್ನೋ ಬ್ರಾಕೆಟ್ಟು ನನ್ನ ಫ್ಯಾಕ್ಟರಿ ಬಿಟ್ಟು ಇನ್ನೆಲ್ಲಿದೆ?”

ಶಾಂಭವಿ ಫೋನಿಟ್ಟ ಕೂಡಲೇ ವಿಡಿಯೋ ಅಳಿಸಿದಳು. ಅಳಿಸಿದರೇನು ಬಂತು? ನೋಡಬೇಕಾದವರು ನೋಡಿಯಾಗಿತ್ತು.

ಚಿರಂಜೀವಿ ಕೆಟ್ಟವನಲ್ಲ, ಅದೇ ತೊಂದರೆ. ಅಪ್ಪನ ಹೊಲದ ಜಾಗದಲ್ಲಿ ಶೆಡ್ಡು ಎಬ್ಬಿಸಿ ಕಾರ್ಖಾನೆ ನಡೆಸುತ್ತಿದ್ದವನು. ಬೈದಿದ್ದರೆ ಶಾಂಭವಿ ತಿರುಗಿ ಮಾತಾಡುತ್ತಿದ್ದಳು. ಅವನು ಕಾರ್ಖಾನೆಗೆ ಕರೆಸಿಕೊಂಡು, ಕುರ್ಚಿ ಎಳೆದು ಕೂರಿಸಿದ.

“ಸಿದ್ದಲಿಂಗಯ್ಯನೋರು ಎಲ್ಲ ಹೇಳಿದ್ರು. ಕಣ್ಣಿನ ವಿಷಯಾನೂ ಹೇಳಿದ್ರು. ಇನ್ಮೇಲೆ ಇದನ್ನ ನೀವು ನನಗೇ ನೋಡ್ಕೊಡಿ ಮೇಡಂ.”

“ಅವರನ್ನ ಇಟ್ಕೊಂಡ್ರ ಮಾಡ್ತೀನ್ರಿ.”

“ಏನಂತ ಇಟ್ಕೊಳ್ಲಿ? ಕಣ್ಣು ಕಾಣದವರನ್ನ ಮಷೀನ್ ಮಧ್ಯೆ ಓಡಾಡೋಕೆ ಬಿಟ್ಟು ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ವರದಿಗೆ ಅವರು ಬೇಕಿಲ್ಲ ಅಂತ ನೀವೇ ತೋರಿಸಿದ್ದೀರಲ್ಲ.”

“ಹಂಗಾದ್ರ ನಾ ಕೊಡಂಗಿಲ್ಲ.”

ಚಿರಂಜೀವಿ ಬೇಸರದಿಂದಲೇ ಮೂಲೆಯ ಕಂಪ್ಯೂಟರಿನತ್ತ ನೋಡಿದ. “ಕೊಡೋದೇನಿದೆ? ಅಲ್ಲೇ ಇದೆಯಲ್ಲ.”

ಅಲ್ಲೇ ಇತ್ತು. ಅವಳೇ ತನ್ನ ಕೈಯಾರೆ ಡೆಸ್ಕ್‌ಟಾಪಿನ ಮೇಲೆ, ಸಿದ್ದಲಿಂಗಯ್ಯನವರಿಗೆ ಕಾಣಲೆಂದು ಆದಷ್ಟು ದೊಡ್ಡ ಐಕಾನ್ ಮಾಡಿ ಇಟ್ಟಿದ್ದಳು.

ಬೀಳ್ಕೊಡುಗೆಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಶಾಂಭವಿ ಗೇಟಿನ ಹೊರಗೆ ಕಾದು ನಿಂತಿದ್ದಳು. ಸಿದ್ದಲಿಂಗಯ್ಯ ರುಕ್ಮವ್ವನ ತೋಳು ಹಿಡಿದುಕೊಂಡು ಬಂದರು. ಪೇಟ ಕಂಕುಳಲ್ಲಿತ್ತು.

“ಸರ, ನನ್ನಿಂದ ಆತ್ರಿ,” ಎಂದು ಶಾಂಭವಿ ಅತ್ತೇಬಿಟ್ಟಳು.

ಸಿದ್ದಲಿಂಗಯ್ಯ ಇಲ್ಲವೆನ್ನಲಿಲ್ಲ. ಸುಳ್ಳು ಸಮಾಧಾನ ಅವರಿಗೆ ಬರುತ್ತಿರಲಿಲ್ಲ. ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

“ನೋಡಮ್ಮಾ, ನೀನು ಬಿಟ್ರೆ ಅವರು ಇನ್ಯಾರನ್ನೋ ಕರೀತಾರೆ. ಅವನು ಬಂದು ‘ಇದೇನ್ ಸಾರ್ ಕಿವಿ, ಮೂಗುತಿ’ ಅಂತ ಎಲ್ಲ ತೆಗೆದು ಬಿಸಾಕ್ತಾನೆ. ಈವಮ್ಮನ ಹೆಸರೂ ಹೋಗುತ್ತೆ. ನೀನೇ ನೋಡ್ಕೋ. ಇಷ್ಟು ಮಾಡು ನನಗೆ.”

ಆ ಮಾತಿಗೆ ಕಟ್ಟುಬಿದ್ದು ಅವಳು ಒಪ್ಪಿಕೊಂಡಳು. ಚಿರಂಜೀವಿ ಅವಳ ಬಗ್ಗೆ ನಾಲ್ಕು ಜನಕ್ಕೆ ಒಳ್ಳೆಯದನ್ನೇ ಹೇಳಿದ. ಕೆಲಸಗಳು ಬಂದವು. ಸಿದ್ದಲಿಂಗಯ್ಯನವರಿಗೆ ಆಗೀಗ ಫೋನು ಮಾಡುತ್ತಿದ್ದಳು. ಇಎಸ್‌ಐ ಕಾರ್ಡು ನಿಂತ ಮೇಲೆ ಇಂಜೆಕ್ಷನ್ನೂ ನಿಂತಿತ್ತು. ಈಗೀಗ ಫೋನಿನಲ್ಲಿ ಮೊದಲು ಅವರು ಕೇಳುತ್ತಿದ್ದದ್ದು, “ಯಾರು?”

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಕಾರ್ಖಾನೆಯಿಂದ ‘ಕೇಳಿ’ ಷೀಟು ಬಂತು. ಜೊತೆಗೆ ಚಿರಂಜೀವಿಯ ಒಂದು ಸಾಲು: ‘ಮೇಡಂ, ಹೊಸ ಪಾರ್ಟು. ಹುಡುಗರು ಏನೋ ಹೆಸರಿಟ್ಟಿದ್ದಾರೆ. ನಂಬರ್ ಕೆಳಗಿದೆ, ಸೇರಿಸಿಬಿಡಿ.’

ಶಾಂಭವಿ ತೆರೆದಳು. ಮೂರು ಷಿಫ್ಟಿನವರು ಮೂರು ಥರ ಬರೆದಿದ್ದರು. siddalingayya. sidlingaiah. siddlingya.

ಅವಳು ಪಟ್ಟಿಯ ಕೊನೆಗೆ ಹೋಗಿ, ಒಂದೊಂದೇ ಅಕ್ಷರ ನೋಡಿಕೊಂಡು ಮೂರನ್ನೂ ಬರೆದು, ಮೂರರ ಮುಂದೆಯೂ ಅದೇ ನಂಬರು ಹಾಕಿದಳು. ಸ್ಕ್ರಿಪ್ಟ್ ಓಡಿಸಿದಳು. ‘ಕೇಳಿ’ ಷೀಟು ಖಾಲಿಯಾಯಿತು.