ಚೆವಾಂಗನ ಕೆಂಪು ಹೆಲ್ಮೆಟ್ಟಿನ ಜಾಹೀರಾತು

ಎರಡು ದಿನ ಬೌದ್ಧ ಎಂಬ ಬಡಾವಣೆಯಲ್ಲಿರುವ ಅಕ್ಕನ ಮನೆಗೆ ಹೋಗಿ ಬರುವಷ್ಟರಲ್ಲಿ ನನ್ನ ಗಂಡ ಗ್ಯಾಲ್ಜೆನ್ ಅಂಗಡಿಯ ಹೆಸರಿಗೆ ಮಸಿ ಬಳಿಯುವ ಕೆಲಸ ಮಾಡಿಟ್ಟಿದ್ದ. ಚೆವಾಂಗನ ಕೆಂಪು ಹೆಲ್ಮೆಟ್ಟಿನ ಫೋಟೋ ಅಂಗಡಿಯ ಫೇಸ್‌ಬುಕ್ ಪುಟದಲ್ಲಿತ್ತು. ಕೆಳಗೆ ಹೀಗೆ ಬರೆದಿದ್ದ: “ಸಾವಿನ ಬಾಯಿಂದ ಒಬ್ಬನನ್ನು ವಾಪಸ್ ತಂದ ಹೆಲ್ಮೆಟ್. ನಿಮ್ಮ ಜೀವವನ್ನೂ ಕಾಪಾಡುತ್ತದೆ. ನೂರಕ್ಕೆ ನೂರು ಸುರಕ್ಷಿತ.”

ಪ್ರವಾಸಿಗರು ತುಂಬಿದ ಥಮೇಲ್ ಪೇಟೆಯ ಗಲ್ಲಿಯಲ್ಲಿ ನಮ್ಮದು ಬೆಟ್ಟ ಹತ್ತುವವರ ಹಳೆಯ ಸಾಮಾನಿನ ಅಂಗಡಿ. ತಂಡಗಳ ಜೊತೆ ಬೆಟ್ಟ ಹತ್ತುವ ಕೆಲಸದಲ್ಲಿದ್ದ ಚೆವಾಂಗ್ ಹೋದ ವಸಂತದಲ್ಲಿ ಬೆಟ್ಟದ ಮೇಲಿದ್ದಾಗ ತಲೆಗೆ ಕಲ್ಲು ಬಿದ್ದಿತ್ತು. ಹೆಲ್ಮೆಟ್ ಇದ್ದದ್ದರಿಂದ ಬದುಕಿದ. ಇನ್ನು ಹತ್ತುವುದಿಲ್ಲ ಎಂದು ಅದನ್ನು ನಮ್ಮಲ್ಲಿ ಬಿಟ್ಟು ಊರಿಗೆ ಹೋದ. ನಮ್ಮ ಶೆರ್ಪಾ ಜನಕ್ಕೆ ಒಂದು ಹುಚ್ಚಿದೆ. ಆಪತ್ತಿನಿಂದ ಮನುಷ್ಯನನ್ನು ವಾಪಸ್ ಕರೆತಂದ ವಸ್ತುವಿನಲ್ಲಿ ಶುಭವಿದೆ ಎಂದು ನಂಬುತ್ತಾರೆ. ಪುಟದ ತುಂಬ ಕೈಮುಗಿದ ಚಿತ್ರಗಳು, ನನಗೆ ಬೇಕು ತನಗೆ ಬೇಕು ಎಂಬ ಮಾತುಗಳು.

“ಏನಿದು ನೀನು ಬರೆದಿರೋದು?” ಎಂದೆ.

“ಇದ್ದದ್ದೇ ಬರ್ದೆ. ಅವನು ಬದುಕಲಿಲ್ವಾ?”

“ಅವನು ಬದುಕಿದ. ಹೆಲ್ಮೆಟ್ ಬದುಕಿದೆಯಾ ಅಂತ ನೋಡಿದ್ಯಾ?”

“ಹೊರಗಡೆ ಚೆನ್ನಾಗೇ ಇದೆಯಲ್ಲ, ಡಾಕಿ.”

ಹೊರಗಡೆ ಇದ್ದದ್ದು ಸ್ಟಿಕ್ಕರು. ಚೆವಾಂಗ್ ಯಾವ ಯಾವ ತಂಡದ ಜೊತೆ ಹೋಗಿದ್ದನೋ ಅವರದೆಲ್ಲ ಅಂಟಿಸಿಕೊಂಡಿದ್ದ. ಥಿನ್ನರ್ ಹಾಕಿದರೆ ಪ್ಲಾಸ್ಟಿಕ್ಕೇ ಹಾಳಾಗುತ್ತದೆ, ಅದಕ್ಕೆ ಉಗುರುಬೆಚ್ಚಗಿನ ಸೋಪುನೀರಲ್ಲಿ ನೆನೆಸಿ ಒಂದೊಂದಾಗಿ ಕಿತ್ತೆ. ಬಲಗಡೆಯ ದೊಡ್ಡ ಸ್ಟಿಕ್ಕರಿನ ಕೆಳಗೆ ಕೆಂಪು ಚಿಪ್ಪಿನಲ್ಲಿ ಬಿಳಿಚಿಕೊಂಡ ಗೆರೆ ಕಂಡಿತು. ಎರಡೂ ಹೆಬ್ಬೆರಳಿಟ್ಟು ಒತ್ತಿದೆ. ಚಿಪ್ಪು ಕಿರ್ ಎಂದಿತು. ಒಳಗಿನ ಥರ್ಮೋಕೋಲ್ ಪದರ ಅದೇ ಜಾಗದಲ್ಲಿ ಕುಸಿದಿತ್ತು. ನಾನು ಗ್ಯಾಲ್ಜೆನ್‌ಗೆ ತೋರಿಸಿದೆ. ಅವನು ಚಹಾ ಕಾಯಿಸಲು ಎದ್ದುಹೋದ. ಸೋತಾಗ ಅವನು ಮಾಡುವ ಕೆಲಸ ಅದು.

ಅವನ ಬರಹ ಅಳಿಸಿ ನಾನು ಬರೆದೆ:

“ಬೆಟ್ಟ ಹತ್ತುವ ಹೆಲ್ಮೆಟ್. ಒಳಗೆ ಇಎನ್ 12492 ಎಂಬ ಗುರುತಿದೆ; ಅದು ಹೊಸದಿದ್ದಾಗಿನ ಪರೀಕ್ಷೆಯ ಗುರುತು, ಇವತ್ತಿನ ಸ್ಥಿತಿಗೆ ಸಾಕ್ಷಿಯಲ್ಲ. ತಲೆಯ ಸುತ್ತಳತೆ 53ರಿಂದ 61 ಸೆಂಟಿಮೀಟರ್. ಮೇಲೆ ಕಲ್ಲು ಬಿದ್ದಿದೆ. ಬಲಗಡೆ ಚಿಪ್ಪು ಸೀಳಿದೆ, ಒಳಪದರ ಕುಸಿದಿದೆ. ತಲೆಗೆ ಹಾಕಿಕೊಳ್ಳಲು ಮಾರುವುದಿಲ್ಲ.”

“ಮಾರುವುದಿಲ್ಲ ಅಂತ ಜಾಹೀರಾತು ಕೊಡೋ ಅಂಗಡಿ ಇದೊಂದೇ ಇರ್ಬೇಕು,” ಎಂದ ಗ್ಯಾಲ್ಜೆನ್. ಆಮೇಲೆ ಮೆಲ್ಲಗೆ, “ಒಬ್ಬಾಕೆಗೆ ಇದನ್ನೇ ತೆಗೆದಿಡ್ತೀನಿ ಅಂದ್ಬಿಟ್ಟಿದ್ದೀನಿ. ರೋಲ್ವಾಲಿಂಗ್ ಕಣಿವೆ ಕಡೆಯೋರು. ಬಸ್ಸಲ್ಲಿ ಬರ್ತಾ ಇದ್ದಾರೆ,” ಎಂದ.

ಅವತ್ತು ಅವನ ಮೇಲೆ ಚಹಾ ಸುರಿಯಲಿಲ್ಲ, ಅಷ್ಟೇ.

ಮಧ್ಯಾಹ್ನ ಬಂದರು. ತಾಯಿಯ ಹೆಸರು ಫುಟಿ, ಮಗಳು ಯಾಂಗ್ಜಿ. ಮಗಳಿಗೆ ಬೆಟ್ಟ ಹತ್ತುವ ತರಬೇತಿಯಲ್ಲಿ ಜಾಗ ಸಿಕ್ಕಿತ್ತು. ನಾಳೆ ಹೊರಡಬೇಕು. ಹೆಲ್ಮೆಟ್ ಅವರವರೇ ತರಬೇಕು. ತಾಯಿ ಕೂರುವ ಮೊದಲೇ ಕೆಂಪು ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಣೆಗೆ ಒತ್ತಿಕೊಂಡಳು.

“ಇದಕ್ಕೋಸ್ಕರ ಒಪ್ಪಿದ್ದು ನಾನು. ಇವಳ ಅಪ್ಪ ಬೆಟ್ಟದಿಂದ ಬರಲಿಲ್ಲ. ಇವಳನ್ನ ಕಳಿಸಲ್ಲ ಅಂತ ಹಟ ಹಿಡಿದಿದ್ದೆ. ನಿಮ್ಮ ಬರಹ ಓದಿಸಿ ಕೇಳಿದ ಮೇಲೆ ಸರಿ ಅಂದೆ.”

ಯಾಂಗ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಬಸ್ಸಿನಲ್ಲೇ ಅವಳು ಹೊಸ ಬರಹ ಓದಿದ್ದಳು, ಅಮ್ಮನಿಗೆ ಹೇಳಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅವಳ ಕಣ್ಣು ಸುಮ್ಮನಿರಿ ಎನ್ನುತ್ತಿತ್ತು. ನಾನು ಸುಮ್ಮನಿರುವವಳಲ್ಲ.

ಹೊಸ ಬರಹವನ್ನು ಗಟ್ಟಿಯಾಗಿ ಓದಿದೆ. ಫುಟಿಯ ಹೆಬ್ಬೆರಳು ಹಿಡಿದು ಬಿಳಿಗೆರೆಯ ಮೇಲಿಟ್ಟು ಒತ್ತಿಸಿದೆ. ಆ ಸದ್ದು ಅವಳಿಗೂ ಕೇಳಿತು.

“ಇದು ಚೆವಾಂಗನಿಗೆ ತನ್ನ ಹತ್ರ ಇದ್ದದ್ದೆಲ್ಲ ಕೊಟ್ಬಿಟ್ಟಿದೆ, ಆಮಾ. ನಿಮ್ಮ ಮಗಳಿಗೆ ಕೊಡೋಕೆ ಏನೂ ಉಳಿದಿಲ್ಲ.”

ಅವಳು ಹೆಲ್ಮೆಟ್ಟನ್ನು ಕೆಳಗಿಟ್ಟಳು. “ಹಾಗಾದ್ರೆ ನಡಿ, ಊರಿಗೆ ಹೋಗೋಣ,” ಎಂದಳು ಮಗಳಿಗೆ.

“ಆಮಾ, ಬೇರೆ ಹೆಲ್ಮೆಟ್ ಇವೆ.”

“ಬೇರೇದು ಕಾಪಾಡುತ್ತಾ? ಈ ಅಂಗಡಿಯಾಕೆಯನ್ನ ಕೇಳು. ಹ್ಞೂಂ ಅಂದ್ರೆ ಕಳಿಸ್ತೀನಿ.”

ಇಬ್ಬರೂ ನನ್ನ ಕಡೆ ತಿರುಗಿದರು. ಒಂದು ಹ್ಞೂಂ ಸಾಕಿತ್ತು. ಗ್ಯಾಲ್ಜೆನ್ ಹಿಂದಿನಿಂದ ಕಣ್ಸನ್ನೆ ಮಾಡುತ್ತಿದ್ದ. ನನಗೆ ರೇಗಿತು.

“ಯಾರಾದ್ರೂ ಹಾಗೆ ಹೇಳಿದ್ರೆ ಆ ಅಂಗಡಿಗೆ ಮತ್ತೆ ಹೋಗ್ಬೇಡಿ. ನನಗೆ ಗೊತ್ತಿರೋದು ಕಣ್ಣಿಗೆ ಕಂಡದ್ದು ಮಾತ್ರ. ಬೆಟ್ಟ ಏನು ಮಾಡುತ್ತೆ ಅಂತ ನನಗೇನು ಗೊತ್ತು? ಸಣ್ಣ ಕಲ್ಲಿಗೆ ಹೆಲ್ಮೆಟ್ ಬೇಕು. ಮನೆಯಷ್ಟು ದೊಡ್ಡ ಮಂಜುಗಡ್ಡೆ ಬಿದ್ರೆ ಯಾವ ಹೆಲ್ಮೆಟ್ಟೂ ಬೇಕಾಗಲ್ಲ.”

“ಡಾಕಿ ವ್ಯಾಪಾರ ಚೆನ್ನಾಗಿ ಮಾಡ್ತಾಳೆ,” ಎಂದ ಗ್ಯಾಲ್ಜೆನ್, ಯಾರಿಗೂ ಅಲ್ಲ ಎಂಬಂತೆ.

ನಾನು ಬೂದು ಬಣ್ಣದ ಇನ್ನೊಂದನ್ನು ತೆಗೆದು ಯಾಂಗ್ಜಿಯ ಕೈಗೆ ಕೊಟ್ಟು ಪುಟದಲ್ಲಿ ಅದಕ್ಕೆ ನಾನು ಹಾಕಿದ್ದ ಬರಹ ಓದಿದೆ. ಅದೇ ಗುರುತು, ತಯಾರಾಗಿ ಮೂರು ವರ್ಷ, ಅಳತೆ 53ರಿಂದ 61, ಚಿಪ್ಪಿನ ಮೇಲೆ ಸಣ್ಣ ಗೀರುಗಳು, ಸೀಳು ಕಂಡಿಲ್ಲ, ಪೆಟ್ಟು ಬಿದ್ದಿಲ್ಲ ಎಂದು ಹಿಂದಿನ ಮಾಲೀಕ ಹೇಳಿದ್ದಾನೆ, ನಾವು ನೋಡಿಲ್ಲ.

ಯಾಂಗ್ಜಿ ಬಾಗಿಲ ಬೆಳಕಿಗೆ ಹೋದಳು. ನಾನು ಕೆಂಪು ಹೆಲ್ಮೆಟ್ಟಿಗೆ ಮಾಡಿದ್ದನ್ನು ನೋಡಿಕೊಂಡಿದ್ದಳಲ್ಲ, ಹಾಗೇ ಸುತ್ತಲೂ ಒತ್ತಿದಳು. ಫೋನಿನ ದೀಪ ಒಳಗೆ ಹಿಡಿದಳು. ಹಿಂದುಗಡೆ ಅಳತೆ ಬಿಗಿಮಾಡುವ ತಿರುಗಣೆ ತಿರುಗಿಸಿದಳು. ಗದ್ದದ ಪಟ್ಟಿಯನ್ನು ಇಂಚಿಂಚಾಗಿ ಬೆರಳಲ್ಲಿ ಎಳೆದು ನೋಡಿ ನಿಂತಳು.

“ದೀದಿ, ಇಲ್ಲಿ ಹೊಲಿಗೆ ಬಿಟ್ಟಿದೆ. ನೀವು ಬರೆದಿಲ್ಲ.”

“ಎಲ್ಲಿ? ತಾ ಇಲ್ಲಿ.”

ಬಿಟ್ಟಿತ್ತು. ಕೊಕ್ಕೆಯ ಹಿಂದೆ, ಪಟ್ಟಿ ಮಡಚಿದ ಜಾಗದಲ್ಲಿ. ಚಿಪ್ಪು ಎಷ್ಟು ಗಟ್ಟಿಯಿದ್ದರೇನು, ಪಟ್ಟಿ ಕಿತ್ತುಹೋದರೆ ಹೆಲ್ಮೆಟ್ ಒಂದು ಕಡೆ, ತಲೆ ಒಂದು ಕಡೆ. ನನ್ನ ಕಿವಿ ಬಿಸಿಯಾಯಿತು. ಗ್ಯಾಲ್ಜೆನ್ ಜೋರಾಗಿ ನಕ್ಕ.

“ನಗ್ಬೇಡ. ನೀನಾಗಿದ್ರೆ ಹೊಲಿಗೇನೂ ಶುಭ ಅಂತ ಬರೀತಿದ್ದೆ,” ಎಂದೆ. ಅಲ್ಲೇ ಫೋನು ತೆಗೆದು ಆ ಜಾಹೀರಾತು ಅಳಿಸಿದೆ.

ಫುಟಿ ಮಾತ್ರ ನಗಲಿಲ್ಲ. ಮಗಳ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಸೊಂಟಕ್ಕೆ ಕಟ್ಟಿದ್ದ ಪಟ್ಟೆ ಬಟ್ಟೆ ಸರಿಮಾಡಿಕೊಂಡು ಬಿದಿರಿನ ಸ್ಟೂಲಿನ ಮೇಲೆ ಕೂತಳು. ಬಂದಾಗಿನಿಂದ ಕೂತಿರಲಿಲ್ಲ.

“ಈಕೆಗೇ ಕಾಣದ್ದು ನಿನಗೆ ಹ್ಯಾಗೆ ಕಂಡ್ತು?” ಎಂದು ಕೇಳಿದಳು.

“ನೋಡಿದೆ, ಅದಕ್ಕೆ ಕಂಡ್ತು.”

“ಅಲ್ಲೂ ಹೀಗೇ ನೋಡ್ತೀಯಾ? ಹಗ್ಗ, ಕೊಕ್ಕೆ, ಎಲ್ಲ? ಬೇರೆಯೋರು ಸರಿ ಇದೆ ಅಂದ್ರೂ?”

“ಹ್ಞೂಂ, ಆಮಾ.”

“ನಿನ್ನ ಅಪ್ಪ ನೋಡ್ತಿರಲಿಲ್ಲ. ನಕ್ಕೊಂಡೇ ಹೊರಟುಬಿಡ್ತಿದ್ದ,” ಎಂದಳು ತಾಯಿ. ಮತ್ತೆ ನನ್ನ ಕಡೆ ತಿರುಗಿ, “ಇರೋದನ್ನೆಲ್ಲ ತೆಗಿ. ಇವಳು ನೋಡಲಿ,” ಎಂದಳು.

ತೆಗೆದೆ. ಯಾಂಗ್ಜಿ ನೆಲದ ಮೇಲೆ ಕೂತು ಒಂದೊಂದನ್ನೂ ಜಾಲಾಡಿದಳು. ಒಂದಕ್ಕೆ ತಯಾರಾದ ವರ್ಷದ ಗುರುತೇ ಇಲ್ಲ ಎಂದು ಪಕ್ಕಕ್ಕಿಟ್ಟಳು. ಒಂದರ ತಿರುಗಣೆ ಜಾರುತ್ತದೆ ಎಂದಳು. ಕೊನೆಗೆ ಕಿತ್ತಳೆ ಬಣ್ಣದ್ದೊಂದನ್ನು ಹಿಡಿದಳು. ಯಾರೂ ಕೇಳದ ಕೆಟ್ಟ ಕಿತ್ತಳೆ. ಜಡೆ ಬಿಚ್ಚಿ ಕೆಳಗೆ ಕಟ್ಟಿಸಿ ನಾನು ತಲೆಯ ಅಳತೆ ತೆಗೆದೆ. ಐವತ್ನಾಲ್ಕು. ಯಾಂಗ್ಜಿ ಅದನ್ನು ಹಾಕಿಕೊಂಡು ತಿರುಗಣೆ ಬಿಗಿ ಮಾಡಿ ತಲೆ ಅಲ್ಲಾಡಿಸಿದಳು. ಹೆಲ್ಮೆಟ್ ಕೂತಲ್ಲೇ ಕೂತಿತು.

“ಕುಂಬಳಕಾಯಿ ಥರಾ ಕಾಣ್ತೀಯ,” ಎಂದಳು ತಾಯಿ.

“ಮಂಜಲ್ಲಿ ದೂರದಿಂದ ಕಾಣುತ್ತೆ ಬಿಡಿ,” ಎಂದ ಗ್ಯಾಲ್ಜೆನ್. ಅವತ್ತು ಅವನು ಆಡಿದ ಒಂದೇ ಒಳ್ಳೆಯ ಮಾತು.

ಫುಟಿ ಎದ್ದು ಮಗಳ ಎದುರು ನಿಂತಳು. ಗದ್ದದ ಪಟ್ಟಿಯ ಕೆಳಗೆ ತನ್ನ ಬೆರಳು ತೂರಿಸಿ ಎಳೆದಳು, ಇನ್ನೊಮ್ಮೆ ಎಳೆದಳು. ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿದಳು.

“ನಾಳೆ ನಿನ್ನ ಬಸ್ಸು ಎಷ್ಟು ಹೊತ್ತಿಗೆ?” ಎಂದು ಮಗಳನ್ನು ಕೇಳಿದಳು.