ಎರಡನೆಯ ಅಂಕದಲ್ಲಿ ಯಾರ್ಯಾರು ಬಂದರು

ದಾನೇಶ್ವರಿಗೆ ಓದಲು ಬರುವುದಿಲ್ಲ ಎಂಬುದು ಅವಳನ್ನು ನಾಟಕಕ್ಕೆ ಕರೆಸುವ ಊರುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಧೋಳದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡಿದ್ದಳು. ಹರೆಯದಲ್ಲಿ ನಾಯಕಿ, ಆಮೇಲೆ ಅತ್ತಿಗೆ, ಈಗ ತಾಯಿ. ಮೂರೂ ಪಾತ್ರಗಳನ್ನು ಸುತ್ತಲಿನ ಎಲ್ಲ ಹಳ್ಳಿಗಳ ರಂಗದ ಮೇಲೆ ಮಾಡಿದ್ದಳು. ಅಷ್ಟೂ ವರ್ಷ ಅವಳಿಗೆ ನಾಟಕ ಓದಿ ಹೇಳಿದವಳು ಲಕ್ಷ್ಮವ್ವ.

ಲಕ್ಷ್ಮವ್ವ ಅವಳಿಗಿಂತ ಹಿರಿಯಳು, ಅವಳಂತೆಯೇ ಬಣ್ಣ ಹಚ್ಚಿ ಹೊಟ್ಟೆ ಹೊರೆದವಳು. ಇಬ್ಬರನ್ನೂ ಜೋಡಿಯಾಗಿಯೇ ಕರೆಸುತ್ತಿದ್ದರು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಎಲೆ ಅಡಿಕೆ ದವಡೆಗೆ ಇಟ್ಟುಕೊಂಡು ಲಕ್ಷ್ಮವ್ವ ಒಂದೊಂದೇ ಅಂಕವನ್ನು ಬಿಡಿಸಿ ಹೇಳುತ್ತಿದ್ದಳು. ಕತೆ ಹೇಳುತ್ತಿರಲಿಲ್ಲ. "ಕತಿ ನೋಡಾಕ ಬಂದ ಮಂದಿಗೆ. ನಮಗ ಮೂರ ಬೇಕು. ಯಾರ ಬರ್ತಾರ, ಯಾರ ಕೂಡ ಜಗಳಾಡ್ತಾರ, ಮಾತು ಎಲ್ಲಿ ಹೊಳ್ಳತೈತಿ," ಎನ್ನುತ್ತಿದ್ದಳು. ಹೊಳ್ಳುವುದೆಂದರೆ ತಿರುಗುವುದು. ಅಲ್ಲಿಯವರೆಗೆ ಒಂದು ಕಡೆ ಹೊರಟಿದ್ದ ಮಾತು ಯಾರದೋ ಒಂದು ನುಡಿಗೆ ಬೇರೆ ದಾರಿ ಹಿಡಿಯುವ ಜಾಗ. ಈ ಮೂರು ಗೊತ್ತಾದರೆ ದಾನೇಶ್ವರಿಗೆ ಅಂಕ ಕೈವಶ. ಆಮೇಲೆ ಒಮ್ಮೆ ಕೇಳಿದ ಮಾತುಗಳು ತಾವಾಗಿಯೇ ಅದರ ಮೇಲೆ ಬಂದು ಕೂರುತ್ತಿದ್ದವು.

ಹೋದ ಆಷಾಢದಲ್ಲಿ ಲಕ್ಷ್ಮವ್ವನ ಮೊಣಕಾಲು ಕೈಕೊಟ್ಟವು. ಬನಹಟ್ಟಿಯಲ್ಲಿ ಪಾವರ್‌ಲೂಮ್ ಇಟ್ಟಿರುವ ಅಣ್ಣನ ಮಗ ಬಂದು ಅವಳನ್ನು ಕರೆದುಕೊಂಡು ಹೋದ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು, ಆದ್ದರಿಂದ ನಾಟಕದ ಹೆಸರು ಎತ್ತುವಂತಿರಲಿಲ್ಲ. ಮೊದಮೊದಲು ಲಕ್ಷ್ಮವ್ವನೇ ಫೋನ್ ಮಾಡುತ್ತಿದ್ದಳು. ಆಮೇಲೆ ಅದೂ ನಿಂತಿತು.

ಒಂದು ಶುಕ್ರವಾರ ಬೆಳಿಗ್ಗೆ ಅನಗವಾಡಿಯಿಂದ ಚಿದಾನಂದನ ಫೋನ್ ಬಂತು. ಅವನು ಹೈಸ್ಕೂಲು ಮಾಸ್ತರ, ಊರ ತಂಡಕ್ಕೆ ತಾನೇ ನಾಟಕ ಬರೆದು ಆಡಿಸುತ್ತಿದ್ದ. ಭಾನುವಾರ ಜಮಖಂಡಿಯಲ್ಲಿ ಹಗಲು ಹೊತ್ತಿನ ಸ್ಪರ್ಧೆ, ಪ್ರತಿ ತಂಡವೂ ತನ್ನ ನಾಟಕದ ಒಂದೇ ಒಂದು ಅಂಕ ಆಡಬೇಕು, ತಾಯಿಯ ಪಾತ್ರಕ್ಕೆ ಗೊತ್ತು ಮಾಡಿದ್ದ ನಟಿಗೆ ಜ್ವರ.

"ಎರಡನೇ ಅಂಕ ಅಷ್ಟ ರೀ ಅಕ್ಕಾರ. ಈಗ ಮೊಬೈಲಿಗೆ ಹಾಕ್ತೀನಿ, ಓದ್ಕೊಂಡ ಬಿಡ್ರಿ. ನಾಳಿ ತಾಲೀಮಿಗೆ ಬರ್ರಿ."

ಮೊಬೈಲಿಗೆ ನಾಟಕ ಬಂತು. ದಾನೇಶ್ವರಿ ಅದರ ಸಣ್ಣ ಅಕ್ಷರಗಳನ್ನು ಬೆರಳಿನಿಂದ ದೊಡ್ಡದು ಮಾಡಿ, ಮತ್ತೆ ಸಣ್ಣದು ಮಾಡಿ ನೋಡಿದಳು. ಬಳಿಕ ಬನಹಟ್ಟಿಗೆ ಫೋನ್ ಹಚ್ಚಿದಳು. ಎತ್ತಿದವಳು ಮನೆಯ ಸೊಸೆ ಪೂನಮ್.

"ಅತ್ತಿ ಮಲಗ್ಯಾರ್ರಿ."

"ಎದ್ದ ಮ್ಯಾಲ ಕೊಡ ತಂಗಿ, ಎರಡ ಮಾತು."

"ನಾಟಕದ ವಿಷಯ ಇದ್ರ ಬ್ಯಾಡ್ರಿ ಅಕ್ಕಾ. ಬೀಗರು ಬಂದು ಹೋಗೂ ಟೈಮು ಐತಿ." ದನಿಯಲ್ಲಿ ಸಿಟ್ಟಿರಲಿಲ್ಲ. ಹಿಂದೆ ಮಗ್ಗಗಳು ಖಟಖಟ ಎನ್ನುತ್ತಿದ್ದವು.

ಮರುದಿನ ಬೀಳಗಿ ಬಸ್ಸು ಹತ್ತಿ, ಅಲ್ಲಿಂದ ಟಂಟಂ ಆಟೊ ಹಿಡಿದು ದಾನೇಶ್ವರಿ ಅನಗವಾಡಿ ಮುಟ್ಟಿದಳು. ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ಯಾರದೋ ಗೊಬ್ಬರದ ಚೀಲ ಕೂತಿತ್ತು. ತಾಲೀಮು ಶಾಲೆಯ ಜಗುಲಿಯ ಮೇಲೆ. ಇಬ್ಬರು ಮಕ್ಕಳ ಪಾತ್ರ ಮಾಡುವ ಹುಡುಗರು, ನೆರೆಮನೆಯ ದುಂಡಪ್ಪನ ಪಾತ್ರ ಮಾಡುವ ಭೀಮಶಿ ಎಂಬ ಕುರಿಗಾರ, ಮತ್ತು ಚಿದಾನಂದ. ಭೀಮಶಿ ರಂಗ ಹತ್ತುವುದು ಇದೇ ಮೊದಲು, ತನ್ನ ನಾಲ್ಕು ಮಾತನ್ನು ಜಪ ಮಾಡಿದಂತೆ ಮಾಡುತ್ತಿದ್ದ.

"ಓದಿದ್ರಿ?" ಚಿದಾನಂದ ಕೇಳಿದ.

"ಚಸ್ಮಾ ಒಡದೈತ್ರಿ. ನೀವ ಹೇಳ್ರಿ ಸರ."

ಅವನು ಖುಷಿಯಿಂದಲೇ ಶುರು ಮಾಡಿದ. "ಈ ಅಂಕ ಮುಳುಗಡೆಯ ನೋವನ್ನ ತೋರಸ್ತೈತ್ರಿ. ತಾಯಿ ಅಂದ್ರ ಇಲ್ಲಿ ನೆಲದ ಪ್ರತೀಕ..."

"ಅದು ಬ್ಯಾಡ್ರಿ. ಪರದೆ ಎದ್ದಾಗ ರಂಗದ ಮ್ಯಾಲ ಯಾರ ಇರ್ತಾರ?"

ಚಿದಾನಂದ ಕೈಯಲ್ಲಿದ್ದ ಹಾಳೆ ನೋಡಿದ. "ನೀವು, ಗಂಗವ್ವ. ಒಲಿ ಮುಂದ. ದೊಡ್ಡ ಮಗ ಗಂಟು ಕಟ್ಟಾಕತ್ತಿರ್ತಾನ."

"ಆಮ್ಯಾಲ?"

"ಸಣ್ಣ ಮಗ ಎಡಗಡಿಂದ ಬರ್ತಾನ. ಕಟ್ಟಿದ ಗಂಟು ಬಿಚ್ಚತಾನ."

"ಜಗಳ ಯಾರಿಗೆ ಯಾರಿಗೆ?"

"ಅಣ್ಣ ತಮ್ಮಗ. ಹೊಳಿ ಹಿನ್ನೀರು ಬಂತು, ಹೊಸ ಊರಿಗೆ ಹೋಗೂಣು ಅಂತಾನ ಅಣ್ಣ. ಅವ್ವ ಈ ಮನಿ ಬಿಟ್ಟ ಬರೂದಿಲ್ಲ ಅಂತಾನ ತಮ್ಮ."

"ನನ್ನ ಯಾರೂ ಕೇಳಂಗಿಲ್ಲ?"

"ಅಲ್ಲೇ ನೋಡ್ರಿ ತಿರುವು ಇರೂದು!" ಚಿದಾನಂದನಿಗೆ ಈಗ ಹುರುಪು ಬಂದಿತ್ತು. "ಕಡಿಗೆ ಅಣ್ಣ, 'ನೀ ಏನರ ಅವ್ವನ್ನ ಕೇಳಿಯೇನು?' ಅಂತಾನ. ಇಬ್ಬರೂ ನಿಮ್ಮ ಕಡೆ ತಿರಗತಾರ. ನೀವು 'ನಾ ಹೋಗ್ತೇನಿ' ಅಂತೀರಿ. ತಮ್ಮ ಸಿಟ್ಟಾಗಿ ಎಡಕ್ಕ ಹೋಗ್ತಾನ. ಅಣ್ಣ ಟ್ರ್ಯಾಕ್ಟರ್ ತರಾಕ ಬಲಕ್ಕ ಹೋಗ್ತಾನ. ದುಂಡಪ್ಪ ಬರ್ತಾನ, ಸಣ್ಣ ಮಗ ದೋಣಿ ಹತ್ತಿ ಎತ್ತಲೋ ಹೋದ ಅಂತ ಸುದ್ದಿ ಹೇಳ್ತಾನ. ನೀವು ಒಲಿ ಆರಸ್ತೀರಿ. ಪರದೆ."

ದಾನೇಶ್ವರಿ ಕಣ್ಣು ಮುಚ್ಚಿ ಅದನ್ನು ಮೊದಲಿಂದ ನಡೆಸಿ ನೋಡಿದಳು. ಒಂದು ಕಡೆ ಕಾಲು ತಡವರಿಸಿತು.

"ಅಣ್ಣ ಹೋಗೂದಕ್ಕೂ ದುಂಡಪ್ಪ ಬರೂದಕ್ಕೂ ನಡುವ?"

"ಏನಿಲ್ಲರಿ. ನಿಮ್ಮದೊಂದು ಉದ್ದನ ಮಾತಿತ್ತು, ಒಬ್ಬಾಕೇ ನಿಂತು ಆಡೂದು. ಅದರಾಗ ಯಾರೂ ಬರಂಗಿಲ್ಲ, ಜಗಳಿಲ್ಲ, ಏನೂ ನಡಿಯಂಗಿಲ್ಲ. ಸ್ಪರ್ಧೆಕ್ಕ ವ್ಯಾಳ್ಯಾ ಸಾಲಂಗಿಲ್ಲ ಅಂತ ನಿನ್ನೆ ತಗದೇನಿ. ಅವ ಹ್ವಾದ, ಇವ ಬಂದ."

ಲಕ್ಷ್ಮವ್ವ ಇದ್ದಿದ್ದರೆ ಇಲ್ಲಿ ಇನ್ನೊಂದು ಮಾತು ಕೇಳುತ್ತಿದ್ದಳು ಎಂದು ದಾನೇಶ್ವರಿಗೆ ಅನ್ನಿಸಿತು. ಏನು ಕೇಳುತ್ತಿದ್ದಳು ಎಂಬುದು ಹೊಳೆಯಲಿಲ್ಲ. ಉಳಿದ ಮಾತುಗಳನ್ನು ಚಿದಾನಂದ ಓದಿ ಅವಳ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಟ್ಟ. ಭೀಮಶಿಯ ಒಂದು ಕುರಿ ಕಬ್ಬಿನ ಹೊಲ ಹೊಕ್ಕಿದೆಯೆಂದು ಯಾರೋ ಕೂಗಿದ್ದರಿಂದ ಅವನು ಎದ್ದು ಓಡಿದ. ಹಾಗಾಗಿ ಅಂಕದ ಕೊನೆಯ ಭಾಗದ ತಾಲೀಮು ಆಗಲೇ ಇಲ್ಲ.

ಭಾನುವಾರ ಜಮಖಂಡಿಯ ಸಭಾಭವನ ಮುಕ್ಕಾಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಮೂವರು ತೀರ್ಪುಗಾರರು. ಹಿಂದಿನ ಸಾಲುಗಳಲ್ಲಿ ಬೀಳಗಿ ಕಡೆಯ ಜನ ಬಹಳ ಇದ್ದರು, ಹಳೆಯ ಊರು ನೀರಿಗೆ ಬಿಟ್ಟು ಹೊಸ ಊರಲ್ಲಿ ಮನೆ ಕಟ್ಟಿಕೊಂಡವರು. ಅನಗವಾಡಿ ತಂಡದ ಸರದಿ ಊಟದ ನಂತರ ಬಂತು.

ಪರದೆ ಎದ್ದಿತು. ದೊಡ್ಡವ ಗಂಟು ಕಟ್ಟಿದ, ಸಣ್ಣವ ಬಂದು ಬಿಚ್ಚಿದ. ಜಗಳ ಏರಿತು. ದಾನೇಶ್ವರಿ ಒಲೆಯ ಮುಂದೆ ಬೆನ್ನು ಬಾಗಿಸಿ ಕೂತು, ಅವರ ಒಂದೊಂದು ಮಾತಿಗೂ ಕಟ್ಟಿಗೆಯನ್ನು ಇಷ್ಟಿಷ್ಟೇ ಒಳಗೆ ಸರಿಸಿದಳು. "ಕೇಳಿಯೇನು?" ಬಂತು. ಇಬ್ಬರೂ ತಿರುಗಿದರು. ಅವಳು "ನಾ ಹೋಗ್ತೇನಿ" ಎಂದಳು. ಸಭೆಯಲ್ಲಿ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ಮಾತು ಹೊಳ್ಳಿತ್ತು. ಸಣ್ಣವ ಎಡಕ್ಕೆ ಹೋದ. ದೊಡ್ಡವ ಬಲಕ್ಕೆ ಹೋದ.

ದುಂಡಪ್ಪ ಬರಲಿಲ್ಲ.

ದಾನೇಶ್ವರಿ ಒಂದು ಪಾತ್ರೆ ತೆಗೆದು ಒರೆಸಿದಳು. ಮತ್ತೊಂದು ಒರೆಸಿದಳು. ಎಡಗಡೆ ಪರದೆಯ ಮರೆಯಲ್ಲಿ ಭೀಮಶಿಯ ರುಮಾಲು ಕಾಣುತ್ತಿತ್ತು. ಅವನು ಕಿವಿಗೊಟ್ಟು ನಿಂತಿದ್ದ. ಆಗ ಅವಳಿಗೆ ಹೊಳೆಯಿತು. ಅವನು ಕಾಯುತ್ತಿದ್ದುದು ತೆಗೆದುಹಾಕಿದ ಆ ಉದ್ದನೆಯ ಮಾತಿನ ಕೊನೆಯ ನುಡಿಗೆ. ಅದನ್ನು ಕೇಳಿದಾಗ ಒಳಗೆ ಹೋಗು ಎಂದು ಅವನಿಗೆ ಕಲಿಸಿದ್ದರು. ಮಾತು ತೆಗೆದ ಮೇಲೆ ಯಾವ ನುಡಿ ಹಿಡಿದು ಬರಬೇಕೆಂದು ಯಾರೂ ಹೇಳಿರಲಿಲ್ಲ. ಲಕ್ಷ್ಮವ್ವ ಕೇಳುತ್ತಿದ್ದುದು ಇದನ್ನೇ. ಮುಂದಿನವ ಯಾವ ಮಾತಿಗೆ ಬರ್ತಾನ?

ಆ ನುಡಿ ಅವಳಿಗೂ ಗೊತ್ತಿರಲಿಲ್ಲ. ಬಲಗಡೆ ಚಿದಾನಂದ ಎರಡೂ ಕೈ ಆಡಿಸುತ್ತಿದ್ದ. ಭೀಮಶಿಗೆ ಅದು ಕಾಣುವಂತಿರಲಿಲ್ಲ. ರಂಗದ ಹಿಂದೆ ದಾರಿ ಇರಲಿಲ್ಲ, ಎಡಕ್ಕೆ ಹೋಗಬೇಕೆಂದರೆ ಸಭಾಭವನದ ಹೊರಗಿನಿಂದ ಸುತ್ತಿ ಬರಬೇಕು. ಚಿದಾನಂದ ಓಡಿದ.

ದಾನೇಶ್ವರಿ ಎದ್ದು ನಿಂತು, ನೆರೆಮನೆಯವರನ್ನು ಗೋಡೆಯ ಮೇಲಿಂದ ಕರೆಯುವ ಹಾಗೆ ಕರೆದಳು.

"ದುಂಡಪ್ಪಣ್ಣಾ!"

ಭೀಮಶಿ ಅಲುಗಲಿಲ್ಲ. ಇದು ಅವನು ಕಲಿತ ನುಡಿಯಲ್ಲ.

"ದುಂಡಪ್ಪಣ್ಣಾ! ಮನ್ಯಾಗ ಅದೀ ಏನೋ?"

ಎಲ್ಲೋ ಒಬ್ಬರು ನಕ್ಕರು. ಅವಳು ಕಾದಳು. ಎರಡು ಹೆಜ್ಜೆ ಆಚೆ ಹೋಗಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಮತ್ತೆ ಕರೆದಳು. ಈ ಸಲ ಯಾರೂ ನಗಲಿಲ್ಲ. ಖಾಲಿಯಾಗುತ್ತಿರುವ ಊರಿನಲ್ಲಿ ಒಬ್ಬ ಹೆಂಗಸು ನೆರೆಯವರನ್ನು ಕರೆಯುತ್ತಿದ್ದಳು, ಆ ಕಡೆಯಿಂದ ಓಗೊಡುವವರಿರಲಿಲ್ಲ. ದಾನೇಶ್ವರಿಗೆ ತನ್ನ ದನಿ ಆ ದೊಡ್ಡ ಭವನದ ಗೋಡೆಗೆ ಬಡಿದು ಮರಳಿ ಬರುವುದು ಕೇಳಿಸಿತು. ಮುಧೋಳದ ಕೋಣೆಯ ಕದ ತೆಗೆಯುವಾಗ ಎಂದೂ ಯಾರನ್ನೂ ಕರೆಯುವುದಿಲ್ಲ ತಾನು, ಎಂದು ಒಮ್ಮೆಲೇ ನೆನಪಾಯಿತು. ಕೊನೆಯ ಸಲ ಕರೆದಾಗ ದನಿ ಹೊರಟದ್ದೇ ಸಣ್ಣದಾಗಿ.

"ಅಣ್ಣಾ..."

ಅಷ್ಟರಲ್ಲಿ ಮರೆಯಿಂದ ಭೀಮಶಿಯನ್ನು ಯಾರೋ ನೂಕಿದರು. ಅವನು ಎಡವುತ್ತಲೇ ಒಳಗೆ ಬಂದು, "ಗಂಗವ್ವಾ, ನಿನ್ನ ಸಣ್ಣ ಮಗ ದೋಣಿ ಹತ್ತಿ ಹ್ವಾದ!" ಎಂದ. ಅವಳು ಕೂತು ಒಲೆ ಆರಿಸಿದಳು. ಪರದೆ ಬಿತ್ತು.

ಎರಡನೆಯ ಬಹುಮಾನ ಬಂತು. ತೀರ್ಪುಗಾರರಲ್ಲಿ ಒಬ್ಬರು ಮೈಕಿನಲ್ಲಿ, ಈ ಅಂಕದ ನಿಜವಾದ ತಿರುವು ಮಕ್ಕಳ ಜಗಳದಲ್ಲಿಲ್ಲ, ಉತ್ತರವಿಲ್ಲದ ಆ ಕರೆಯಲ್ಲಿದೆ, ಬರೆದವರ ಕಲ್ಪನೆಯನ್ನು ಮೆಚ್ಚಬೇಕು ಎಂದರು. ಚಿದಾನಂದ ಮುಖ ಕೆಂಪಗೆ ಮಾಡಿಕೊಂಡು ದಾನೇಶ್ವರಿಯ ಬಳಿ ಬಂದ.

"ನೀವ ಉಳಿಸಿದ್ರಿ ಅಕ್ಕಾರ. ಅದನ್ನ ನಾಟಕದಾಗ ಬರದ ಬಿಡ್ತೇನಿ, ಹಿಂಗ ಇರಲಿ. ಮುಂದಿನ ತಿಂಗಳ ಪೂರ್ತಿ ನಾಟಕ ಐತಿ."

"ನಾ ಬರ್ಲಿ ಏನ್ರಿ?"

ಅವನು ಕಾಲಿನ ಚಪ್ಪಲಿ ನೋಡಿಕೊಂಡ. "ಮೊದಲಿನಾಕಿಗೆ ಮಾತು ಕೊಟ್ಟೇವ್ರಿ. ಜ್ವರ ಬಿಟ್ಟಾವಂತ."

ಫೋಟೊ ತೆಗೆಯುವಾಗ ಅವಳನ್ನು ನಡುವೆ ನಿಲ್ಲಿಸಿದರು. ಆಮೇಲೆ ತಂಡದವರು ಟೆಂಪೊ ಹತ್ತಿ ಹೋದರು. ನಿಲ್ದಾಣದಲ್ಲಿ ಮುಧೋಳದ ಬಸ್ಸು ನಿಂತಿತ್ತು. ದಾನೇಶ್ವರಿ ಅದನ್ನು ಬಿಟ್ಟು ಬನಹಟ್ಟಿಯ ಬಸ್ಸು ಹತ್ತಿದಳು.

ಲಕ್ಷ್ಮವ್ವ ಪಡಸಾಲೆಯಲ್ಲಿ ನೂಲಿನ ಮೂಟೆಗೆ ಒರಗಿ ಕಾಲು ಚಾಚಿಕೊಂಡಿದ್ದಳು. ಇವಳನ್ನು ಕಂಡು ಬಾಯಿ ತೆರೆದವಳು ಸೊಸೆಯ ಮುಖ ನೋಡಿ, ಕೂರು ಎಂದು ಕೈಸನ್ನೆ ಮಾಡಿದಳು. ಪೂನಮ್ ನೀರು ಕೊಟ್ಟಳು, ಚಹಾ ಇಡುತ್ತೇನೆಂದು ಒಳಗೆ ಹೋದಳು. ಮಗ್ಗದ ಸದ್ದಿನಲ್ಲಿ ಕಿವಿಯ ಹತ್ತಿರ ಬಂದರಷ್ಟೇ ಮಾತು ಕೇಳುತ್ತಿತ್ತು.

"ಹೇಳ ಲಗೂನ," ಎಂದಳು ಲಕ್ಷ್ಮವ್ವ. "ಯಾವ ನಾಟಕ?"

ದಾನೇಶ್ವರಿ ಹೇಳಿದಳು. ಯಾರು ಬಂದರು, ಯಾರ ಜಗಳ, ಮಾತು ಎಲ್ಲಿ ಹೊಳ್ಳಿತು. ಇಬ್ಬರೂ ಹೊರಟುಹೋದದ್ದನ್ನು ಹೇಳಿ ನಿಲ್ಲಿಸಿದಳು.

"ಆಮ್ಯಾಲ ಯಾರ ಬಂದ್ರು?"

"ಯಾರೂ ಬರಲಿಲ್ಲಕ್ಕ."

ಲಕ್ಷ್ಮವ್ವ ಅವಳ ಮುಖವನ್ನೇ ನೋಡಿದಳು. ತಪ್ಪು ಎಲ್ಲಾಗಿದೆಯೆಂದು ಅವಳಿಗೆ ಕೂಡಲೇ ತಿಳಿಯಿತು. ದಾನೇಶ್ವರಿ ತಾನು ಹೇಗೆ ಕರೆದೆ, ಎಷ್ಟು ಹೊತ್ತು ಕಾದೆ ಎಂಬುದನ್ನೆಲ್ಲ ಹೇಳಿದಳು. ಲಕ್ಷ್ಮವ್ವ ನಗುತ್ತಾಳೆಂದು ತಿಳಿದಿದ್ದಳು. ಅವಳು ನಗಲಿಲ್ಲ, ಮೊಣಕಾಲು ನೀವಿಕೊಂಡಳು.

"ಮುಂದಿನ ಅಂಕದಾಗ ಏನಾಕ್ಕೈತಿ? ಸಣ್ಣಾವ ಹೊಳ್ಳಿ ಬರ್ತಾನ?"

"ಗೊತ್ತಿಲ್ಲ. ಒಂದ ಅಂಕಕ್ಕ ಕರದಿದ್ರು."

"ಕೇಳಬೇಕಿಲ್ಲೇನ ಹುಚ್ಚಿ," ಎಂದಳು ಲಕ್ಷ್ಮವ್ವ.

ಪೂನಮ್ ಚಹಾ ತಂದಳು. ಮೂವರೂ ಬೀಗರ ಊರಿನ ಮಳೆಯ ಬಗ್ಗೆ ಮಾತಾಡಿದರು. ಕತ್ತಲಾಗುವ ಮುಂಚೆ ದಾನೇಶ್ವರಿ ಎದ್ದಳು. ಲಕ್ಷ್ಮವ್ವನಿಗೆ ಬಾಗಿಲ ತನಕ ಬರಲಾಗಲಿಲ್ಲ. ಮುಧೋಳದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು. ಅಷ್ಟು ವರ್ಷ ಕೂತು ರೂಢಿಯಾದ ಈಚೆಯ ಸೀಟಿನಲ್ಲೇ ಅವಳು ಕೂತಳು. ಮಹಾಲಿಂಗಪುರದಲ್ಲಿ ಹತ್ತಿದ ಹೆಂಗಸೊಬ್ಬಳು, "ಸರೀರಿ, ಇಲ್ಲಾಂದ್ರ ಒಳಗ ಹೋಗ್ಲಿಕ್ಕೆ ಬಿಡ್ರಿ," ಎಂದಾಗ ಅವಳು ಮೊಣಕಾಲು ಓರೆ ಮಾಡಿ ದಾರಿ ಬಿಟ್ಟಳು.