ಹನ್ನೆರಡನೇ ಸ್ಲೈಡ್

ಚೈತ್ರಶ್ರೀಯ ಅಭ್ಯಾಸವೊಂದನ್ನು ಕಂಡು ಆಫೀಸಿನವರೆಲ್ಲ ನಗುತ್ತಿದ್ದರು. ಯಾವ ಪ್ರೆಸೆಂಟೇಶನ್ ಕೈಗೆ ಕೊಟ್ಟರೂ ಮೂರು ಸಲ ಓದದೆ ಅವಳು ಸಾರಾಂಶ ಬರೆಯುತ್ತಿರಲಿಲ್ಲ. ಮೊದಲ ಸಲ ಬರೀ ಅಂಕಿಗಳನ್ನು ನೋಡುವುದು. ಎರಡನೇ ಸಲ ಬರೀ ಹೆಸರುಗಳನ್ನು. ಒಂದೇ ವಸ್ತುವನ್ನು ಎಲ್ಲ ಕಡೆ ಒಂದೇ ಹೆಸರಿನಿಂದ ಕರೆದಿದ್ದಾರೋ ಇಲ್ಲವೋ ಎಂದು. ಮೂರನೇ ಸಲ ಕ್ರಿಯಾಪದಗಳನ್ನು. ಆಗಿರುವುದು ಯಾವುದು, ಇನ್ನು ಆಗಬೇಕಾದ್ದು ಯಾವುದು ಎಂದು. ಮೂರನ್ನೂ ಒಟ್ಟಿಗೆ ನೋಡಲು ಹೋದರೆ ಒಂದೂ ಕಣ್ಣಿಗೆ ಬೀಳುವುದಿಲ್ಲ ಎನ್ನುವುದು ಅವಳ ಲೆಕ್ಕ. ಅಕ್ಕಿ ಆರಿಸುವವರು ಕಲ್ಲಿಗೊಂದು ಸಲ, ನೆಲ್ಲಿಗೊಂದು ಸಲ ಮೊರ ಹಿಡಿಯುವುದಿಲ್ಲ ಎಂದು ಮ್ಯಾನೇಜರ್ ನಟರಾಜ್ ಕಿಚಾಯಿಸುತ್ತಿದ್ದರು. ಅವರ ಮನೆಯಲ್ಲಿ ಅಕ್ಕಿ ಆರಿಸಿದ್ದು ಯಾವತ್ತೂ ಅವರಲ್ಲ, ಆ ಮಾತು ಬೇರೆ.

ಅದು ಎರಡು ಸಾವಿರದ ಎಂಟರ ಮೇ ತಿಂಗಳು. ಹೆತ್ತೂರಿನ ಕಡೆಯ ಹಳ್ಳವೊಂದಕ್ಕೆ ಒಡ್ಡು ಕಟ್ಟಿ, ಗುಡ್ಡದ ಸೊಂಟಕ್ಕೆ ಕಾಲುವೆ ಕೊರೆದು, ಕೆಳಗೆ ಕರೆಂಟು ತೆಗೆಯುವ ಸಣ್ಣ ಯೋಜನೆ. ಸಕಲೇಶಪುರದ ಬಾಡಿಗೆ ಮಹಡಿಯಲ್ಲಿ ಕಂಪನಿಯ ಆಫೀಸು. ಕಾಲುವೆಯ ದಾರಿಯಲ್ಲಿ ಬಂಡೆ ಸಿಕ್ಕಿತ್ತು. ಬಂಡೆಗೆ ಮದ್ದು ಇಟ್ಟು ಸಿಡಿಸಬೇಕೆಂದರೆ ಸರ್ಕಾರದ ಅನುಮತಿ ಬೇಕು. ಅದಕ್ಕೆ ಹಾಸನದಲ್ಲಿ ಮೀಟಿಂಗು. ಅಧಿಕಾರಿಗಳಿಗೆ ತೋರಿಸಲು ಬೆಂಗಳೂರಿನ ಸಲಹೆಗಾರರು ಮೂವತ್ತು ಸ್ಲೈಡುಗಳ ಇಂಗ್ಲಿಷ್ ಪ್ರೆಸೆಂಟೇಶನ್ ಕಳಿಸಿದ್ದರು. ಅದನ್ನು ಎರಡು ಪುಟಕ್ಕೆ ಇಳಿಸಿ ಕನ್ನಡದಲ್ಲಿ ಸಾರಾಂಶ ಮಾಡುವುದು ಚೈತ್ರಶ್ರೀಯ ಕೆಲಸ. ಮೀಟಿಂಗು ಮಂಗಳವಾರ ಎಂದು ನಟರಾಜ್ ಹೇಳಿದ್ದರು.

ಗುರುವಾರ ಅಂಕಿಗಳ ಓದು ಮುಗಿಯಿತು. ಕಾಲುವೆಯ ಉದ್ದ ಒಂದು ಕಡೆ ಎರಡು ಪಾಯಿಂಟ್ ನಾಲ್ಕು ಕಿಲೋಮೀಟರು, ಇನ್ನೊಂದು ಕಡೆ ಎರಡು ಪಾಯಿಂಟ್ ಆರು. ಜಮೀನಿನ ಚಿತ್ರದಲ್ಲಿದ್ದ ಶೇಕಡಾಗಳನ್ನು ಕೂಡಿದರೆ ನೂರ ಮೂರು ಬರುತ್ತಿತ್ತು. ಅವಳು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಸ್ಲೈಡಿನ ನಂಬರು ಬರೆದುಕೊಂಡು ನಟರಾಜರನ್ನು ಕೇಳಿದಳು. ಹೆಚ್ಚಿನ ಅಳತೆಯಲ್ಲಿ ಕೊನೆಯ ಪೈಪಿನ ಉದ್ದವೂ ಸೇರಿದೆ ಎಂದು ಗೊತ್ತಾಯಿತು. ಶೇಕಡಾವನ್ನು ಮೂಲದ ಸರ್ವೆ ನೋಡಿ ಸರಿಮಾಡಿದಳು. ಬಂಡೆ ಸಿಡಿಸುವಾಗ ಅಪಾಯವಾಗಬಹುದಾದ, ಕಾಲುವೆಯ ಕೆಳಗಿನ ಜಾಗದ ವಿಷಯ ಮೂರು ಸ್ಲೈಡುಗಳಲ್ಲಿತ್ತು, ಮೂರರಲ್ಲೂ ನಾಲ್ಕು ಎಂದೇ ಇತ್ತು. ಅಂಕಿ ತಾಳೆಯಾಗಿದೆ ಎಂದು ಸರಿ ಗುರುತು ಹಾಕಿ ಮುಂದೆ ಹೋದಳು.

ಶುಕ್ರವಾರ ನಟರಾಜರಿಗೆ ಇದ್ದಕ್ಕಿದ್ದಂತೆ ಅವಸರ ಹತ್ತಿತು.

“ಚೈತ್ರಶ್ರೀ, ಸಾರಾಂಶ ಆಮೇಲೆ ಮಾಡಿ. ಮೊದ್ಲು ಸ್ಲೈಡ್ ತಿದ್ದಿ ಕೊಟ್ಬಿಡಿ. ಸಂಜೆ ಒಳಗೆ ನನ್ನ ಪೆನ್‌ಡ್ರೈವ್‌ನಲ್ಲಿರ್ಬೇಕು.”

“ಇನ್ನೂ ಹೆಸರು ನೋಡಿಲ್ಲ ಸಾರ್.”

“ಹೆಸರು ಎಲ್ಲಿಗ್ ಓಡೋಗುತ್ತೆ? ಗ್ರಾಮರ್ ಒಂದು ನೋಡಿ ಸಾಕು. ಆ ಬೆಂಗಳೂರಿನವ್ರು ಏನೇನೋ ಬರ್ದಿರ್ತಾರೆ.”

ಹೀಗೆ ಎರಡನೇ ಓದು ಹಿಂದಕ್ಕೆ ಹೋಗಿ ಮೂರನೆಯದು ಮುಂದಕ್ಕೆ ಬಂತು. ಬಂಡೆ ಸಿಡಿಸುವ ಮಾತು ಆರು ಸ್ಲೈಡುಗಳಲ್ಲಿತ್ತು. ಐದರಲ್ಲಿ “ಅನುಮತಿ ಬಂದ ಮೇಲೆ ಸಿಡಿಸಲಾಗುವುದು” ಎಂದಿತ್ತು. ಹನ್ನೆರಡನೆಯದರಲ್ಲಿ ಮಾತ್ರ, ಒಂದು ಮಸುಕು ಫೋಟೋದ ಕೆಳಗೆ, “ಮೊದಲ ಭಾಗವನ್ನು ಸಿಡಿಸಲಾಗಿದೆ” ಎಂದಿತ್ತು. ಫೋಟೋದಲ್ಲಿ ಪುಡಿಗಲ್ಲು, ಕೆಂಪು ಮಣ್ಣು, ಹಿಂದೆ ಯಾವುದೋ ಗುಡ್ಡ. ಮಲೆನಾಡಿನಲ್ಲಿ ಯಾವ ಗುಡ್ಡ ಯಾವುದೆಂದು ಮಸುಕು ಫೋಟೋ ನೋಡಿ ಹೇಳುವವರು ಇನ್ನು ಹುಟ್ಟಬೇಕು.

“ಇದು ಯಾವ್ದು ಸಾರ್?”

ನಟರಾಜ್ ಪರದೆಯ ಕಡೆ ನೋಡಿದರು, ಆಮೇಲೆ ಕಿಟಕಿಯ ಕಡೆ ನೋಡಿದರು. “ಬೇರೆ ಪ್ರಾಜೆಕ್ಟ್‌ದು. ಹಳೇ ಸ್ಲೈಡ್ ಕಾಪಿ ಹೊಡ್ದಿರ್ತಾರೆ. ಐದು ಕಡೆ ಒಂಥರ ಇರೋವಾಗ ಒಂದು ಕಡೆ ಬೇರೆ ಇದ್ರೆ ಯಾವ್ದು ತಪ್ಪು ಅಂತ ನಿಮಗೆ ನಾನು ಹೇಳ್ಬೇಕಾ? ಫೋಟೋ ತೆಗ್ದು ಮಿಕ್ಕಿದ್ರ ಥರ ಮಾಡ್ಬಿಡಿ.”

ಸಲಹೆಗಾರರಿಗೆ ಒಂದು ಫೋನು ಮಾಡಬಹುದಿತ್ತು. ಶೇಕಡಾ ಲೆಕ್ಕಕ್ಕೆ ಮೂಲದ ಸರ್ವೆಯನ್ನೇ ಹುಡುಕಿದವಳು ಇದಕ್ಕೆ ಹುಡುಕಲಿಲ್ಲ. ಐದಕ್ಕೆ ಒಂದು, ಲೆಕ್ಕ ಕಣ್ಣ ಮುಂದೆಯೇ ಇತ್ತು. ಅವಳು ಫೋಟೋ ಅಳಿಸಿ, ವಾಕ್ಯವನ್ನು “ಸಿಡಿಸಲಾಗುವುದು” ಎಂದು ತಿದ್ದಿ ಪೆನ್‌ಡ್ರೈವ್ ಕೊಟ್ಟು ಮನೆಗೆ ಹೋದಳು. ಅವತ್ತು ಊಟ ರುಚಿಸಿತು, ನಿದ್ದೆಯೂ ಬಂತು.

ಶನಿವಾರ ಬೆಳಿಗ್ಗೆ ಆಫೀಸಿಗೆ ಬಂದವಳೇ ಸಾರಾಂಶಕ್ಕೆಂದು ಹೆಸರುಗಳ ಓದಿಗೆ ಕೂತಳು. ನಟರಾಜ್ ಇರಲಿಲ್ಲ. ಎಂಟನೇ ಸ್ಲೈಡಿನಲ್ಲಿ ಅಪಾಯದ ಜಾಗದಲ್ಲಿ “ನಾಲ್ಕು ಕಟ್ಟಡ” ಇದ್ದವು. ಹದಿನೇಳಕ್ಕೆ ಬರುವಾಗ ಅವು “ನಾಲ್ಕು ಮನೆ” ಆಗಿದ್ದವು. ಇಪ್ಪತ್ತೊಂದಕ್ಕೆ ಬಂದಾಗ “ನಾಲ್ಕು ಕುಟುಂಬಗಳನ್ನು ಸ್ಥಳಾಂತರಿಸಲಾಗಿದೆ, ಈಗ ಅಲ್ಲಿ ವಾಸ ಇಲ್ಲ” ಎಂದಿತ್ತು. ಅಂಕಿ ಕದಲಿರಲಿಲ್ಲ. ಅದರ ಪಕ್ಕದ ಹೆಸರು ಮಾತ್ರ ಎರಡು ಸಲ ಬದಲಾಗಿತ್ತು. ಗುರುವಾರ ಇದಕ್ಕೇ ತಾನು ಹಾಕಿದ್ದ ಸರಿ ಗುರುತನ್ನು ಅವಳು ರಬ್ಬರಿನಿಂದ ಅಳಿಸಿದಳು.

ಆ ಜಾಗ ಯಾವುದೆಂದು ನಕ್ಷೆಯಲ್ಲಿತ್ತು. ಹೆತ್ತೂರಿನ ಹತ್ತಿರದ ಒಂದು ಎಸ್ಟೇಟು. ಅಲ್ಲಿನ ರೈಟರ್ ಲಕ್ಕಪ್ಪ ಅವಳ ಊರಾದ ಬೆಳಗೋಡಿನವನೇ. ಆಳುಗಳ ಹಾಜರಿ, ಕೂಲಿಯ ಲೆಕ್ಕವೆಲ್ಲ ಅವನದೇ. ಎಸ್ಟೇಟಿನ ಫೋನಿಗೆ ಮಾಡಿದಳು.

“ಲಕ್ಕಪ್ಪಣ್ಣ, ಕಾಲುವೆ ಕೆಳಗೆ ನಾಲ್ಕು ಕಟ್ಟಡ ಅಂತ ನೀವೇ ಬರ್ಸಿದ್ದಾ?”

“ಹೂಂ ಕಣವ್ವ. ಸರ್ವೆಗೆ ಬಂದೋರು ಬಿಲ್ಡಿಂಗ್ ಎಷ್ಟವೆ ಅಂತ ಕೇಳುದ್ರು, ನಾಲ್ಕು ಅಂದೆ. ನಾಲ್ಕು ಲೈನು.”

ಲೈನು ಎಂದರೆ ಎಸ್ಟೇಟಿನ ಆಳುಗಳು ಇರುವ ಮನೆಗಳ ಸಾಲು. ಒಂದೇ ಹೆಂಚಿನ ಮಾಡು, ಒಂದೇ ಜಗಲಿ, ಬಾಗಿಲುಗಳು ಮಾತ್ರ ಬೇರೆ ಬೇರೆ. ಎಸ್ಟೇಟಿನ ಲೆಕ್ಕದಲ್ಲಿ ಮಾಡು ಒಂದಾದರೆ ಕಟ್ಟಡ ಒಂದು.

“ಒಂದೊಂದು ಲೈನಿಗೆ ಎಷ್ಟು ಬಾಗಿಲು?”

“ಆರು. ಬಾಗ್ಲು ಎಷ್ಟು ಅಂತ ಯಾರೂ ಕೇಳ್ನಿಲ್ವಲ್ಲವ್ವ.”

“ಖಾಲಿ ಮಾಡ್ಸಿದ್ದು?”

“ಕಂಪ್ನಿಯೋರು ನಾಲ್ಕು ಸಂಸಾರ ಕಳುಸುದ್ರು. ಫೋಟೋ ತಕ್ಕಂಡು ಹೋದ್ರು. ಮಿಕ್ಕಿದೋರು ಇಲ್ಲೇ ಅವ್ರೆ. ಇಪ್ಪತ್ತು ಬಾಗ್ಲು.”

ನಟರಾಜರ ಮೊಬೈಲು ಸ್ವಿಚ್ ಆಫ್ ಆಗಿತ್ತು. ಫೋನಿನಲ್ಲಿ ಕೇಳಿದ್ದನ್ನು ಕಣ್ಣಿನಿಂದ ನೋಡಿಯೇ ಬರೆಯಬೇಕೆಂದು ಅವಳು ಹೆತ್ತೂರಿನ ಬಸ್ಸು ಹತ್ತಿದಳು. ನೋಡಿ ಬಂದು ಮೂರು ಸ್ಲೈಡು ತಿದ್ದಿದರೆ ಮಂಗಳವಾರದ ಮೀಟಿಂಗಿನಲ್ಲಿ ಎಲ್ಲ ಸರಿಹೋಗುತ್ತದೆ ಎಂದುಕೊಂಡಳು. ದಾರಿಯುದ್ದಕ್ಕೂ ಮೋಡ ಗುಡ್ಡದ ನೆತ್ತಿಯ ಮೇಲೆ ಕೂತಿತ್ತು, ಇಳಿಯಲೂ ಇಲ್ಲ, ಚದುರಲೂ ಇಲ್ಲ.

ಲೈನಿನ ಹತ್ತಿರ ಬರುವಾಗ ಕಾಫಿ ಗಿಡಗಳ ಎಲೆಯ ಮೇಲೆ ಬಿಳಿ ಪುಡಿ ಕಂಡಿತು. ಬೆರಳಿನಿಂದ ಒರೆಸಿದಳು. ಸುಣ್ಣವಲ್ಲ, ಕಲ್ಲಿನ ಪುಡಿ. ಮೊದಲ ಲೈನಿನ ಕೊನೆಯ ಬಾಗಿಲಲ್ಲಿ ಮುನಿಯಮ್ಮ ಎಂಬ ಹೆಂಗಸು ಬಾಗಿಲಿನ ಹಲಗೆಯನ್ನು ಮಚ್ಚಿನಿಂದ ಹೆರೆಯುತ್ತಿದ್ದಳು.

“ಏನಾಯ್ತಕ್ಕ ಬಾಗ್ಲಿಗೆ?”

“ಮುಚ್ಚಾಕಾಯ್ತಿಲ್ಲ ಕಣವ್ವ. ಮೇಲೆ ಮದ್ದು ಇಡಾಕೆ ಸುರು ಮಾಡ್ದಾಗಿಂದ ಹಿಂಗೇಯ. ಬಾಗ್ಲು ಹಿಗ್ಗೈತೆ ಅಂತ ಹೆರೀತಿವ್ನಿ. ಎಷ್ಟು ಹೆರುದ್ರೂ ಅಷ್ಟೇಯ.”

ಬಾಗಿಲು ಹಿಗ್ಗಿರಲಿಲ್ಲ. ಚೌಕಟ್ಟು ವಾಲಿತ್ತು. ಮುನಿಯಮ್ಮ ಅವಳನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಗುಡ್ಡದ ಅಂಚು ತೋರಿಸಿದಳು. ಹುಲ್ಲಿನ ನಡುವೆ ಲೈನಿನ ಉದ್ದಕ್ಕೂ ನೆಲ ಬಿರಿದಿತ್ತು. ಚೈತ್ರಶ್ರೀ ಕೈ ಇಳಿಬಿಟ್ಟಳು. ಮೊಣಕೈವರೆಗೂ ಹೋಯಿತು, ತಳ ಸಿಗಲಿಲ್ಲ. ಆಗಲೇ ಮೇಲೆಲ್ಲೋ ಸೀಟಿ ಊದಿದರು. ಹೆಂಗಸರು ಒಗ್ಗಿಹೋದವರ ಹಾಗೆ ಪಾತ್ರೆಗಳನ್ನು ಕೆಳಗಿಳಿಸಿ, ಮಕ್ಕಳನ್ನು ಒಳಗೆ ಎಳೆದುಕೊಂಡರು. ಶಬ್ದ ಬಂತು. ಅದಕ್ಕಿಂತ ಮೊದಲೇ ಕಾಲಡಿಯ ನೆಲಕ್ಕೆ ಗೊತ್ತಾಗಿತ್ತು. ಬಿರುಕಿನ ಅಂಚಿನಿಂದ ಒಂದು ಹಿಡಿ ಮಣ್ಣು ಸದ್ದಿಲ್ಲದೆ ಒಳಗೆ ಜಾರಿತು.

ಹನ್ನೆರಡನೇ ಸ್ಲೈಡು ಬರೆದವನು ಯಾರೋ, ಅವನೊಬ್ಬನೇ ಸತ್ಯ ಬರೆದಿದ್ದ. ಅವಳು ಅದನ್ನು ತಪ್ಪೆಂದು ತಿದ್ದಿದ್ದಳು. ಅವಳಿಗೆ ನಿಂತಲ್ಲೇ ಅಳು ಬಂತು, ಭಯದ ಅಳು.

“ಮಳೆ ಹಿಡುದ್ರೆ ಇದ್ರೊಳಿಕ್ ನೀರೋಯ್ತದೆ,” ಎಂದಳು ಮುನಿಯಮ್ಮ, ಬೇರೆ ಯಾರದೋ ಮನೆಯ ವಿಷಯ ಹೇಳಿದ ಹಾಗೆ.

“ಇಲ್ಲಿಂದ ಎಲ್ರೂ ಹೊರಡ್ಬೇಕು ಅಕ್ಕ.”

“ಎಲ್ಲಿಗೆ? ನೀವು ಕಾಗ್ದ ಬರುದ್ರೆ ಸಾಹೇಬ್ರು ಕೇಳ್ತಾರೆ. ನಾವು ಹೇಳುದ್ರೆ ಕೂಲಿ ಹೋಯ್ತದೆ.”

ಮಧ್ಯಾಹ್ನ ತಿರುಗಿ ಬಂದಾಗ ನಟರಾಜ್ ಆಫೀಸಿನಲ್ಲಿ ಸಿಹಿ ಹಂಚುತ್ತಿದ್ದರು. ಮಂಗಳವಾರದ ಮೀಟಿಂಗು ಅವತ್ತು ಬೆಳಿಗ್ಗೆಯೇ ನಡೆದುಹೋಗಿತ್ತು. ಅನುಮತಿ ಸಿಕ್ಕಿತ್ತು, ಮಳೆಗೆ ಮೊದಲೇ ಪೂರ್ತಿ ಕಾಲುವೆಯ ಬಂಡೆ ಸಿಡಿಸಲು.

“ಒಂದು ಪ್ರಶ್ನೆ ಇಲ್ಲ ಕಣ್ರೀ. ಕೆಲ್ಸ ಶುರುವಾಗಿದ್ಯಾ ಅಂದ್ರು ಒಬ್ರು. ಸ್ಲೈಡ್ ತೋರ್ಸಿದೆ, ಸುಮ್ನಾದ್ರು. ಎಲ್ಲ ಕಡೆ ಒಂದೇ ಥರ ಇದೆ, ಚೆನ್ನಾಗಿ ಮಾಡಿದ್ದೀರ ಅಂದ್ರು. ಎಲ್ಲಾ ನಿಮ್ದೇ ಪುಣ್ಯ.”

ಅವಳು ಸಿಹಿ ಮುಟ್ಟಲಿಲ್ಲ. “ಅಲ್ಲಿ ಇಪ್ಪತ್ತು ಸಂಸಾರ ಇದೆ ಸಾರ್. ನೆಲ ಬಿರ್ದಿದೆ. ನಿಮಗೆ ಗೊತ್ತಿತ್ತು.”

ನಟರಾಜ್ ಸಿಹಿಯ ಡಬ್ಬಿಗೆ ಮುಚ್ಚಳ ಹಾಕಿದರು. “ಸ್ಲೈಡ್‌ನಲ್ಲಿ ಏನಿದೆಯೋ ಅದನ್ನ ಸಾರಾಂಶ ಮಾಡಿ. ನಿಮ್ಮ ಕೆಲ್ಸ ಅಷ್ಟೇ.”

ಅವಳು ಕೂತು ಬರೆದಳು. ಎರಡು ಪುಟ ಬೇಕಾಗಲಿಲ್ಲ. ಬಂಡೆ ಸಿಡಿಸುವುದು ಅನುಮತಿಗೆ ಮೊದಲೇ ಶುರುವಾಗಿದೆ, ಕೆಳಗೆ ನಾಲ್ಕು ಲೈನುಗಳಲ್ಲಿ ಇಪ್ಪತ್ತು ಕುಟುಂಬಗಳು ಇನ್ನೂ ವಾಸವಾಗಿವೆ, ಗುಡ್ಡ ಬಿರಿದಿದೆ. ಅದನ್ನು ಹಿಡಿದು ಅನುಮತಿಯ ಕಡತ ಬರುವ ಸ್ಥಳೀಯ ಕಚೇರಿಗೆ ನಡೆದಳು. ಅಲ್ಲಿ ಮಹಾದೇವಯ್ಯ ಎಂಬ ವಯಸ್ಸಾದ ಗುಮಾಸ್ತರು ಒಬ್ಬರೇ ಇದ್ದರು. ಒಳ್ಳೆಯ ಮನುಷ್ಯ, ಕೂರಿಸಿ ನೀರು ಕೊಟ್ಟರು. ಅವಳ ಹಾಳೆಯನ್ನು ಒಂದು ಕೈಯಲ್ಲಿ, ಹಾಸನದಿಂದ ಫ್ಯಾಕ್ಸಿನಲ್ಲಿ ಬಂದಿದ್ದ ಸ್ಲೈಡುಗಳನ್ನು ಇನ್ನೊಂದು ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದರು.

“ಇದ್ರಲ್ಲಿ ಆರು ಕಡೆನೂ ಸಿಡಿಸಲಾಗುವುದು ಅಂತ ಐತಲ್ಲಮ್ಮ.”

“ಒಂದು ಕಡೆ ಬೇರೆ ಇತ್ತು ಸಾರ್. ತಿದ್ದಿದ್ದಾರೆ.”

“ಯಾರು ತಿದ್ದಿದ್ದು?”

“ನಾನೇ.”

ಮಹಾದೇವಯ್ಯ ಕನ್ನಡಕ ತೆಗೆದು ಅವಳನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ಅವಳಿಗೆ ಹೆಚ್ಚು ಉರಿಯಿತು.

“ನೋಡವ್ವ, ಮಂಜೂರಾದ ಕಾಗ್ದದಲ್ಲಿ ಎಲ್ಲಾ ಕಡೆ ಒಂದೇ ಥರ ಐತೆ. ನಿಮ್ಮ ಹಾಳೆ ಒಂದೇ ಬೇರೆ ಹೇಳ್ತೈತೆ. ಯಾವ್ದು ತಪ್ಪು ಅಂತ ಸಾಹೇಬ್ರು ತಿಳ್ಕಂತಾರೆ, ನೀವೇ ಹೇಳಿ. ಇಟ್ಟೋಗಿ, ಸೋಮವಾರ ತೋರುಸ್ತೀನಿ.”

ಅವಳಿಗೆ ಉತ್ತರ ಗೊತ್ತಿತ್ತು. ಶುಕ್ರವಾರ ಸಂಜೆ ತಾನೇ ಅದನ್ನು ಟೈಪು ಮಾಡಿದ್ದಳು. ಹಾಳೆಯನ್ನು ಅವರ ಮೇಜಿನ ಮೇಲಿಟ್ಟು, ತನ್ನ ನಕಲಿಗೆ ಸೀಲು ಹಾಕಿಸಿಕೊಂಡು ಹೊರಗೆ ಬಂದಳು.

ಬಸ್ ಸ್ಟ್ಯಾಂಡಿನಲ್ಲಿ ಗಾಳಿ ನಿಂತುಹೋಗಿತ್ತು. ಹೆತ್ತೂರಿನ ಕಡೆಯ ಆಕಾಶ ಪೂರ್ತಿ ಕಪ್ಪಾಗಿತ್ತು. ಅವಳು ಮತ್ತೆ ಅದೇ ಬಸ್ಸು ಹತ್ತಿದಳು. ಸೋಮವಾರಕ್ಕೆ ಕಾಯದೆ ಇಪ್ಪತ್ತು ಬಾಗಿಲುಗಳಿಗೂ ಹೋಗಿ, ಬೈದಾದರೂ ಸರಿ, ಕಾಲು ಹಿಡಿದಾದರೂ ಸರಿ, ಎಲ್ಲರನ್ನೂ ಗುಡ್ಡದಿಂದ ದೂರವಿರುವ ಎಸ್ಟೇಟಿನ ಸ್ಟೋರಿನೊಳಕ್ಕೆ ಕರೆತರಬೇಕು. ಸ್ಟೋರಿನ ಬೀಗದ ಕೈ ಲಕ್ಕಪ್ಪನ ಹತ್ತಿರ ಇರುತ್ತದೆ. ಕಂಡಕ್ಟರ್ ಸೀಟಿ ಊದಿದ. ಆ ಸದ್ದಿಗೆ ಅವಳು ಥಟ್ಟನೆ ಗುಡ್ಡದ ಕಡೆ ತಿರುಗಿದಳು. ಊರು ದಾಟುವಷ್ಟರಲ್ಲಿ ಬಸ್ಸಿನ ಗಾಜಿನ ಮೇಲೆ ಮೊದಲ ಹನಿಗಳು ಬಿದ್ದವು, ಆಮೇಲೆ ಹನಿಗಳನ್ನು ಬಿಡಿಯಾಗಿ ನೋಡುವ ಹಾಗಿರಲಿಲ್ಲ.